‘ಏನಾರ ಬೇಕಿದ್ರ ಹೇಳ್ರಿ’ ಅನ್ನುವ ಬದಲು

ಆದೋನಿ ಸೀಮೆಯ ಹಳ್ಳಿಗಳಲ್ಲಿ ಸಾವಾದ ಮನೆಗೆ ಹೋದವರು ‘ಊಟಕ್ಕೆ ಏನು ಮಾಡೋಣ’ ಎಂದು ಕೇಳುವುದಿಲ್ಲ. ಆ ಮನೆಯಲ್ಲಿ ಅವತ್ತು ಒಲೆ ಹಚ್ಚುವುದಿಲ್ಲ ಎನ್ನುವುದು ಎಲ್ಲರಿಗೂ ಗೊತ್ತು. ಓಣಿಯ ಒಂದು ಮನೆಯವರು ಅನ್ನ ಸಾರು ಮಾಡಿ ತರುತ್ತಾರೆ, ಬೀಗರು ರೊಟ್ಟಿ ಬುತ್ತಿ ಕಟ್ಟಿಕೊಂಡು ಬರುತ್ತಾರೆ, ಹುಡುಗರು ಗುಂಡಿ ತೋಡಲೋ ಕಟ್ಟಿಗೆ ಹೊಂದಿಸಲೋ ಹೊರಡುತ್ತಾರೆ, ಇನ್ಯಾರೋ ಹೊಲಕ್ಕೆ ಹೋಗಿ ಎತ್ತುಗಳಿಗೆ ಮೇವು ಹಾಕಿ ಬರುತ್ತಾರೆ. ಯಾರ ಪಾಲಿಗೆ ಯಾವ ಕೆಲಸ ಎನ್ನುವುದು ಹಿಂದಿನಿಂದ ನಡೆದು ಬಂದಿದೆ. ಗಂಡನನ್ನು ಕಳೆದುಕೊಂಡ ಹೆಂಗಸಿನ ಬಾಯಿಂದ ಒಂದು ಮಾತೂ ಹೊರಡಬೇಕಿಲ್ಲ.

ಈ ಏರ್ಪಾಡು ಹನ್ನೊಂದು ದಿನಕ್ಕೋ ಹದಿಮೂರು ದಿನಕ್ಕೋ ಮುಗಿಯುತ್ತದೆ. ಬೀಗರು ಬಸ್ಸು ಹತ್ತುತ್ತಾರೆ. ಆಮೇಲೊಂದು ಸಂಜೆ ಶಾಲೆಯಿಂದಲೋ ಆಫೀಸಿನಿಂದಲೋ ಜೊತೆಗೆ ಕೆಲಸ ಮಾಡುವವರು ನಾಲ್ಕೈದು ಮಂದಿ ಒಂದೇ ಆಟೋದಲ್ಲಿ ಬರುತ್ತಾರೆ. ಚಾಪೆಯ ಮೇಲೆ ಕೂತು ಸ್ವಲ್ಪ ಹೊತ್ತು ಸುಮ್ಮನಿರುತ್ತಾರೆ. ಏಳುವಾಗ ಹಿರಿಯರೊಬ್ಬರು, ‘ಮೇಡಂ, ಏನಾರ ಬೇಕಿದ್ರ ಹೇಳ್ರಿ, ನಾವದೀವಿ’ ಅನ್ನುತ್ತಾರೆ. ಆಕೆ ‘ಆಯ್ತು ಸಾರ್’ ಅನ್ನುತ್ತಾಳೆ. ಅಲ್ಲಿಗೆ ಆ ಮಾತು ಮುಗಿಯಿತು. ಆಕೆ ಫೋನು ಮಾಡುವುದಿಲ್ಲ.

ಮಾಡದಿರುವುದಕ್ಕೆ ಸಂಕೋಚವೊಂದೇ ಕಾರಣವಲ್ಲ. ಸಹಾಯ ಕೇಳಬೇಕಾದರೆ ಮೊದಲು ಏನು ಬೇಕು ಎನ್ನುವುದು ಆಕೆಗೆ ಗೊತ್ತಿರಬೇಕು. ಬಂದವರಲ್ಲಿ ಯಾರಿಗೆ ಅದು ಸಾಧ್ಯ, ಯಾರಿಗೆ ಯಾವತ್ತು ಬಿಡುವು ಎಂದು ಲೆಕ್ಕ ಹಾಕಬೇಕು. ಆಮೇಲೆ ಬಾಯಿ ಬಿಟ್ಟು ಕೇಳಬೇಕು, ಕೇಳಿದ್ದು ಆಗದಿದ್ದರೆ ಬೇಸರ ನುಂಗಬೇಕು. ಒಳ್ಳೆಯ ಮನಸ್ಸಿನಿಂದ ಆಡಿದ ಮಾತೇ ಆಕೆಯ ತಲೆಯ ಮೇಲೆ ಇನ್ನೊಂದು ಕೆಲಸ ಹೊರಿಸುತ್ತದೆ. ಅದಕ್ಕಿಂತ ದೊಡ್ಡ ತೊಂದರೆಯೆಂದರೆ, ಮುಂದಿನ ಮೂರು ತಿಂಗಳಲ್ಲಿ ಯಾವ ಯಾವ ಕಾಗದ ಬೇಕಾಗುತ್ತದೆ, ಯಾವುದಕ್ಕೆ ಗಡುವು ಇದೆ ಎನ್ನುವುದು ಆಕೆಗೆ ಇನ್ನೂ ತಿಳಿದೇ ಇಲ್ಲ. ತಿಳಿಯದ್ದನ್ನು ಕೇಳುವುದು ಹೇಗೆ?

ಅದು ತಿಳಿದಿರುವುದು ಜೊತೆಗೆ ಕೆಲಸ ಮಾಡುವವರಿಗೆ. ಕರ್ಮಾಂತರದ ವಿಧಿ ನೆಂಟರಿಗೆ ಗೊತ್ತು, ಅಡುಗೆ ಓಣಿಯವರಿಗೆ ಗೊತ್ತು. ಅರ್ಜಿ, ಕೌಂಟರು, ರಜೆಯ ನಿಯಮ, ಸರ್ವೀಸ್ ರಿಜಿಸ್ಟರಿನ ಪುಟ, ಇವು ಸಹೋದ್ಯೋಗಿಗಳ ವಿದ್ಯೆ. ಊರು ಹಂಚಿಕೊಟ್ಟ ಕೆಲಸಗಳಲ್ಲಿ ಸಹೋದ್ಯೋಗಿಯ ಪಾಲು ಇನ್ನೂ ನಿಗದಿಯಾಗಿಲ್ಲ. ಅದು ಹೀಗಿರಬಹುದು ಎಂದು ಒಂದು ಉದಾಹರಣೆ ಹಿಡಿದು ನೋಡೋಣ.

ಎಲ್ಲಿ ಉಸಿರು ನಿಂತಿತು?

ಕೌತಾಳಂ ಮಂಡಲದಲ್ಲಿ ಒಂದು ಕನ್ನಡ ಮಾಧ್ಯಮದ ಸರ್ಕಾರಿ ಶಾಲೆ ಎಂದಿಟ್ಟುಕೊಳ್ಳಿ. ಕೌತಾಳಂ, ಕೋಸಿಗಿ, ಹೊಳಗುಂದ, ಹಾಲಹರವಿ, ಆಲೂರು ಕಡೆ ಇಂಥ ಶಾಲೆಗಳು ಇನ್ನೂ ಇವೆ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವಾದಾಗ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆ ಕಡೆಗೆ ಹೋದವು. ಮನೆಮಾತು ಹಾಗೇ ಉಳಿಯಿತು, ಕಚೇರಿ ಕಾಗದದ ಭಾಷೆ ತೆಲುಗಾಯಿತು. ನಮ್ಮ ಉದಾಹರಣೆಯ ಶಾಲೆಯಲ್ಲಿ ಹೆಡ್‌ಮಾಸ್ಟರು ಸೇರಿ ನಾಲ್ವರು. ಅವರಲ್ಲಿ ಒಬ್ಬಾಕೆಗೆ ಮೂವತ್ತೆಂಟು ವರ್ಷ, ಎಂಟನೇ ಕ್ಲಾಸಿನ ಮಗಳು, ನಾಲ್ಕನೇ ಕ್ಲಾಸಿನ ಮಗ. ಗಂಡ ಆದೋನಿಯ ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಿದ್ದ. ಒಂದು ರಾತ್ರಿ ಎದೆನೋವು ಬಂತು, ಬಳ್ಳಾರಿಗೆ ಒಯ್ದರು, ಬೆಳಗಿನ ಜಾವ ಆಸ್ಪತ್ರೆಯಲ್ಲೇ ತೀರಿಕೊಂಡ.

ಬಳ್ಳಾರಿಗೆ ಒಯ್ದದ್ದರಲ್ಲಿ ವಿಶೇಷವೇನಿಲ್ಲ. ಈ ಭಾಗದವರಿಗೆ ಕರ್ನೂಲಿಗಿಂತ ಬಳ್ಳಾರಿಯೇ ಹತ್ತಿರ, ಕೋಸಿಗಿ ಕಡೆಯವರಿಗೆ ರಾಯಚೂರು ಹತ್ತಿರ. ಮರಣ ಪ್ರಮಾಣಪತ್ರದ ತಾಪತ್ರಯ ಶುರುವಾಗುವುದೂ ಇಲ್ಲೇ. 1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ ಸಾವನ್ನು ದಾಖಲಿಸಬೇಕಾದದ್ದು ಸತ್ತ ಜಾಗದಲ್ಲಿ, ವಾಸವಿದ್ದ ಊರಿನಲ್ಲಲ್ಲ. ಮಣ್ಣು ಕೌತಾಳಂ ಕಡೆ ಆಗಿರಬಹುದು, ಓಣಿಯ ಎಲ್ಲರೂ ಕಣ್ಣಾರೆ ನೋಡಿರಬಹುದು. ಆದರೂ ಊರಿನ ಪಂಚಾಯ್ತಿ ಕಾರ್ಯದರ್ಶಿ ಆ ಪ್ರಮಾಣಪತ್ರ ಕೊಡುವಂತಿಲ್ಲ. ಅದು ಬಳ್ಳಾರಿಯಿಂದಲೇ ಬರಬೇಕು.

ಇನ್ನೂ ಎರಡು ಸಂದರ್ಭಗಳಿವೆ. ‘ಇನ್ನು ಮನೆಗೆ ಕರ್ಕೊಂಡು ಹೋಗ್ರಿ’ ಎಂದು ಆಸ್ಪತ್ರೆಯವರು ಬಿಟ್ಟ ಮೇಲೆ ರೋಗಿ ಮನೆಯಲ್ಲಿ ಪ್ರಾಣ ಬಿಟ್ಟರೆ ಊರಿನಲ್ಲೇ ನೋಂದಣಿಯಾಗಬೇಕು. ದಾರಿಯಲ್ಲಿ, ಓಡುವ ಗಾಡಿಯಲ್ಲೇ ಜೀವ ಹೋದರೆ ಗಾಡಿ ಮೊದಲು ನಿಂತ ಜಾಗದಲ್ಲಿ ತಿಳಿಸಬೇಕೆಂಬ ನಿಯಮವಿದೆ. ಜನ ಇದನ್ನು ಗಮನಿಸದೆ ಆಸ್ಪತ್ರೆಗೊಮ್ಮೆ, ಪಂಚಾಯ್ತಿಗೊಮ್ಮೆ ಓಡಾಡಿ ಗಡುವು ಕಳೆದುಕೊಳ್ಳುತ್ತಾರೆ. ಹಾಗಾಗಿ ಸಹೋದ್ಯೋಗಿಗೆ ಮೊದಲು ತಿಳಿಯಬೇಕಾದದ್ದು ಕೊನೆಯ ಉಸಿರು ಎಲ್ಲಿ ನಿಂತಿತು ಎನ್ನುವುದು. ಇದನ್ನು ಹೆಂಡತಿಯನ್ನು ಕೇಳಬಾರದು. ಅವತ್ತು ಜೊತೆಗೆ ಹೋಗಿದ್ದ ಮೈದುನನನ್ನೋ ಅಣ್ಣನನ್ನೋ ಪಕ್ಕಕ್ಕೆ ಕರೆದು ಕೇಳಿಕೊಳ್ಳಬೇಕು.

ಸಾವನ್ನು ತಿಳಿಸಲು ಇರುವ ಅವಧಿ 21 ದಿನ. ಆಸ್ಪತ್ರೆಯಲ್ಲಿ ಸತ್ತರೆ ವರದಿ ಮಾಡುವ ಹೊಣೆ ಆಸ್ಪತ್ರೆಯದ್ದೇ. 21 ದಾಟಿ 30 ದಿನದೊಳಗಾದರೆ ತಡವಾದ ಶುಲ್ಕ ಕಟ್ಟಿದರೆ ಸಾಕು. ಅದನ್ನೂ ದಾಟಿದರೆ ಮೇಲಿನ ಅಧಿಕಾರಿಯ ಲಿಖಿತ ಅನುಮತಿ ಬೇಕು, ವರ್ಷ ಕಳೆದರೆ ಮ್ಯಾಜಿಸ್ಟ್ರೇಟರ ಆದೇಶವೇ ಬೇಕು. ಹದಿಮೂರು ದಿನ ಕರ್ಮಾಂತರದಲ್ಲೇ ಹೋಗಿರುತ್ತದೆ. ಉಳಿಯುವುದು ಒಂದೇ ವಾರ. ಆಕೆ ಹೊಸಿಲು ದಾಟುವುದಕ್ಕೆ ಕೆಲವು ಮನೆಗಳಲ್ಲಿ ಇನ್ನೂ ಅಡ್ಡಿ ಇರುವ ದಿನಗಳು ಇವೇ.

ಹೆಸರಿನ ಗೊಂದಲ ಇದರ ಜೊತೆಗೇ ಬರುತ್ತದೆ. ಆಂಧ್ರದ ದಾಖಲೆಗಳಲ್ಲಿ ಮನೆತನದ ಹೆಸರು ಮೊದಲು, ಆಮೇಲೆ ಇಟ್ಟ ಹೆಸರು. ಬಳ್ಳಾರಿಯ ಆಸ್ಪತ್ರೆಯಲ್ಲಿ ರಾತ್ರಿ ಎರಡು ಗಂಟೆಗೆ ಚೀಟಿ ಬರೆಯುವವರು, ಜೊತೆಗಿದ್ದವರು ಹೇಳಿದ ಹೆಸರನ್ನಷ್ಟೇ ಬರೆದುಕೊಳ್ಳುತ್ತಾರೆ. ಆಧಾರಿನಲ್ಲಿ ಮನೆತನದ ಹೆಸರಿನೊಡನೆ ‘ವೀರಣ್ಣ’ ಎಂದಿರುತ್ತದೆ, ಆಸ್ಪತ್ರೆಯ ಚೀಟಿಯಲ್ಲಿ ಬರೀ ‘ಈರಣ್ಣ’. ಊರಿಗೆ ಇಬ್ಬರೂ ಒಬ್ಬನೇ, ಬ್ಯಾಂಕಿನ ಕಂಪ್ಯೂಟರಿಗೆ ಇಬ್ಬರು. ಪ್ರಮಾಣಪತ್ರ ಮುದ್ರಣವಾದ ಮೇಲೆ ತಿದ್ದಿಸಬಹುದು, ಆದರೆ ಅದಕ್ಕೆ ಮತ್ತೆ ಅರ್ಜಿ, ದಾಖಲೆ, ಓಡಾಟ. ಮುದ್ರಣಕ್ಕೆ ಮೊದಲು ಒಬ್ಬರು ಆಧಾರಿನ ಜೆರಾಕ್ಸ್ ಹಿಡಿದು ಹೋಗಿ ಹೆಸರು, ತಂದೆಯ ಹೆಸರು, ವಿಳಾಸ, ವಯಸ್ಸು ಸರಿನೋಡಿದರೆ ಮುಂದಿನ ಅರ್ಧ ಕಷ್ಟ ಅಲ್ಲೇ ಕಳೆಯುತ್ತದೆ.

ಈ ಕೆಲಸಕ್ಕೆ ಕನ್ನಡವನ್ನೂ ತೆಲುಗನ್ನೂ ಓದಬಲ್ಲವರು ಬೇಕು. ಈ ಸೀಮೆಯ ಕನ್ನಡ ಶಾಲೆಯ ಮೇಷ್ಟ್ರಿಗಿಂತ ಇದಕ್ಕೆ ತಕ್ಕವರು ಯಾರು? ಆದ್ದರಿಂದ ಹದಿನಾಲ್ಕನೇ ದಿನ ಮನೆಗೆ ಹೋದಾಗ ಆಡಬೇಕಾದ ಮಾತು ಹೀಗಿರಲಿ: ‘ಮೇಡಂ, ಡೆತ್ ಸರ್ಟಿಫಿಕೇಟು ಬಳ್ಳಾರಿಯಿಂದನಾ ಬರಬೇಕು. ಶನಿವಾರ ನಿಮ್ಮ ಮೈದುನನ ಜೊತೆ ನಾನು ಹೋಗಿ ಬರ್ತೀನಿ. ಸಾರ್‌ದು ಆಧಾರ್ ಜೆರಾಕ್ಸು, ಆಸ್ಪತ್ರಿ ಚೀಟಿ ಕೊಟ್ರ ಸಾಕು. ನೀವು ಬರೋದು ಬ್ಯಾಡ.’ ಇಲ್ಲಿ ಆಕೆ ಆಡಬೇಕಾದದ್ದು ‘ಹೂಂ’ ಅಥವಾ ‘ಬ್ಯಾಡ ಸಾರ್, ಅಣ್ಣ ಹೊಂಟಾನ’ ಎಂಬ ಒಂದೇ ಮಾತು. ಯಾವ ಕೆಲಸ, ಯಾರು, ಯಾವತ್ತು, ಏನು ಕೊಡಬೇಕು ಎಂಬ ಯೋಚನೆಯನ್ನೆಲ್ಲ ಕೇಳಿದವರೇ ಮುಗಿಸಿಕೊಂಡು ಬಂದಿದ್ದಾರೆ.

ಹೋದವರು ಒಂದೇ ಪ್ರತಿ ತರಬಾರದು. ಬ್ಯಾಂಕು, ವಿಮೆ, ಪಿಎಫ್, ತಹಶೀಲ್ದಾರರ ಕಚೇರಿ ಎಲ್ಲಕ್ಕೂ ಅದು ಬೇಕಾಗುತ್ತದೆ, ಕೆಲವರು ಮೂಲ ಪ್ರತಿಯನ್ನೇ ನೋಡಬೇಕೆನ್ನುತ್ತಾರೆ. ಮೊದಲ ಪ್ರತಿಗೆ ಹಣ ಕಟ್ಟಬೇಕಿಲ್ಲ, ಹೆಚ್ಚಿನ ಪ್ರತಿಗೆ ಸಣ್ಣ ಶುಲ್ಕವಿರುತ್ತದೆ. ಐದಾರು ಪ್ರತಿ ಅವತ್ತೇ ತಂದರೆ ಇನ್ನೊಮ್ಮೆ ಬಳ್ಳಾರಿಯ ಬಸ್ಸು ಹತ್ತುವುದು ತಪ್ಪುತ್ತದೆ.

ಒಂದು ಫೈಲು, ಒಬ್ಬರ ಹೊಣೆ

ಮೂವರು ಸಹೋದ್ಯೋಗಿಗಳು ಮೂರು ದಿಕ್ಕಿನಿಂದ ಸಹಾಯಕ್ಕೆ ಬಂದರೆ ಆಕೆ ಮೂರು ಸಲ ಅದದೇ ಕಥೆ ಹೇಳಬೇಕು, ಮೂರು ಸಲ ಆಧಾರ್ ಹುಡುಕಿ ಕೊಡಬೇಕು. ಅದಕ್ಕೆ ಮೊದಲು ಶಾಲೆಯಲ್ಲೇ ಕೂತು ಮಾತಾಡಿಕೊಳ್ಳುವುದು ಒಳ್ಳೆಯದು. ಕಾಗದದ ಕೆಲಸಕ್ಕೆ ಒಬ್ಬರು, ತರಗತಿಗೆ ಒಬ್ಬರು, ಮಕ್ಕಳ ವಿಷಯಕ್ಕೆ ಒಬ್ಬರು. ಕಾಗದದ ಕೆಲಸ ಹೊತ್ತವರು ಪೇಟೆಯಿಂದ ದಾರ ಕಟ್ಟುವ ಒಂದು ಫೈಲು ತಂದು, ಮೊದಲ ಹಾಳೆಯಲ್ಲಿ ಆಗಬೇಕಾದ ಕೆಲಸಗಳನ್ನೂ ಆದ ತಾರೀಖುಗಳನ್ನೂ ಬರೆಯುತ್ತಾ ಹೋಗಲಿ. ಫೈಲು ಇರಬೇಕಾದದ್ದು ಆಕೆಯ ಮನೆಯಲ್ಲಿ. ಹೊರಗೆ ಹೋಗುವುದು ಜೆರಾಕ್ಸ್ ಮಾತ್ರ. ಮೂಲ ಪ್ರತಿ ಒಯ್ಯಲೇಬೇಕಾದ ದಿನ ಏನು ಒಯ್ದಿದ್ದೇವೆ ಎಂದು ಬರೆದು ಸಹಿ ಹಾಕಿ ಇಟ್ಟು ಹೋಗಬೇಕು.

ಮರಣ ಪ್ರಮಾಣಪತ್ರದ ನಂತರ ಬೇಕಾಗುವುದು ಕುಟುಂಬ ಸದಸ್ಯರ ಪ್ರಮಾಣಪತ್ರ. ಸತ್ತವರ ಹೆಂಡತಿ ಯಾರು, ಮಕ್ಕಳು ಯಾರು ಎಂದು ತಹಶೀಲ್ದಾರರು ಬರೆದುಕೊಡುವ ಕಾಗದ ಅದು. ಅರ್ಜಿಯನ್ನು ಊರಿನ ಸಚಿವಾಲಯದಲ್ಲೇ ಕೊಡಬಹುದು. ವಿಆರ್‌ಓ ಮನೆಗೆ ಬಂದು ವಿಚಾರಿಸುತ್ತಾರೆ, ನೆರೆಯವರ ಹೇಳಿಕೆ ಕೇಳುತ್ತಾರೆ. ಹೊಲದ ಕೆಲಸದ ಹಂಗಾಮಿನಲ್ಲಿ ಹಗಲು ಹೊತ್ತು ಓಣಿಯಲ್ಲಿ ಯಾರೂ ಸಿಗುವುದಿಲ್ಲ. ಸುಗ್ಗಿಯ ತಿಂಗಳುಗಳಲ್ಲಂತೂ ಮೆಣಸಿನಕಾಯಿ ಬಿಡಿಸಲು ಗುಂಟೂರು ಕಡೆ ವಲಸೆ ಹೋದವರ ಮನೆಗಳಿಗೆ ಬೀಗವೇ ಇರುತ್ತದೆ. ಯಾವತ್ತು ಬರುತ್ತೀರಿ ಎಂದು ವಿಆರ್‌ಓ ಅವರನ್ನು ಮೊದಲೇ ಕೇಳಿಕೊಂಡು, ಹೇಳಿಕೆ ಕೊಡುವ ಇಬ್ಬರನ್ನು ಆ ಹೊತ್ತಿಗೆ ಮನೆಯ ಮುಂದೆ ಇರುವಂತೆ ಮಾಡುವುದೇ ಒಂದು ಪೂರ್ತಿ ಸಹಾಯ.

ಪಾಸ್‌ಬುಕ್ಕಿನಲ್ಲಿ 436

ಗಂಡ ಏನೇನು ಕಟ್ಟುತ್ತಿದ್ದ ಎನ್ನುವುದು ಎಷ್ಟೋ ಹೆಂಡಂದಿರಿಗೆ ಗೊತ್ತಿರುವುದಿಲ್ಲ, ಆಕೆ ಟೀಚರಾಗಿದ್ದರೂ ಅಷ್ಟೆ. ಇಲ್ಲಿ ಮಾಡಬಹುದಾದ ಕೆಲಸ ಬಹಳ ಸರಳ. ಗಂಡನ ಪಾಸ್‌ಬುಕ್ಕನ್ನು ಬ್ಯಾಂಕಿನಲ್ಲಿ ಈವರೆಗೆ ಎಂಟ್ರಿ ಮಾಡಿಸಿ, ಆಕೆಯ ಪಕ್ಕದಲ್ಲಿ ಕೂತು, ಹಿಂದಿನ ಎರಡು ವರ್ಷದ ಸಾಲುಗಳನ್ನು ಒಂದೊಂದಾಗಿ ಓದುವುದು.

ಮೇ ತಿಂಗಳ ಕೊನೆಯ ವಾರದಲ್ಲೋ ಜೂನ್ ಮೊದಲಲ್ಲೋ 436 ರೂಪಾಯಿ ಹೋಗಿದೆಯೇ ನೋಡಬೇಕು. ಹೋಗಿದ್ದರೆ ಅದು ಪ್ರಧಾನಮಂತ್ರಿ ಜೀವನಜ್ಯೋತಿ ವಿಮೆಯ ವರ್ಷದ ಕಂತು. ಜೂನ್ 1ರಿಂದ ಮುಂದಿನ ಮೇ 31ರವರೆಗೆ ಯಾವ ಕಾರಣದಿಂದ ಸತ್ತರೂ 2 ಲಕ್ಷ ರೂಪಾಯಿ ನಾಮಿನಿಗೆ ಬರುತ್ತದೆ. ಹೊಸದಾಗಿ ಸೇರಿದವರಿಗೆ ಮೊದಲ 30 ದಿನ, ಅಪಘಾತದ ಸಾವಿಗೆ ಬಿಟ್ಟು, ಹಣ ಸಿಗುವುದಿಲ್ಲ. ಎರಡು ಬ್ಯಾಂಕಿನಲ್ಲಿ ಕಂತು ಹೋಗಿದ್ದರೂ ಸಿಗುವುದು ಒಂದೇ. 20 ರೂಪಾಯಿಯ ಸಾಲು ಕಂಡರೆ ಅದು ಸುರಕ್ಷಾ ಬಿಮಾ, ಅಪಘಾತಕ್ಕೆ ಮಾತ್ರ. ನಮ್ಮ ಉದಾಹರಣೆಯಲ್ಲಿ ಎದೆನೋವಿನ ಸಾವಾದ್ದರಿಂದ 436 ಇದ್ದರೆ ಉಂಟು, 20 ಇದ್ದರೆ ಇಲ್ಲ. ಕ್ಲೇಮಿನ ಅರ್ಜಿಯನ್ನು ಕಂತು ಕಡಿತವಾದ ಬ್ಯಾಂಕಿನ ಶಾಖೆಯಲ್ಲೇ ಕೊಡಬೇಕು, ಬೇರೆ ವಿಮಾ ಕಚೇರಿ ಹುಡುಕಬೇಕಿಲ್ಲ.

ಅದೇ ಪಾಸ್‌ಬುಕ್ಕಿನಲ್ಲಿ ಎಲ್‌ಐಸಿಯ ಕಂತು, ಬೈಕಿನ ಸಾಲದ ಕಂತು ಕಾಣಬಹುದು. ಸಾಲ ಕೊಡುವಾಗಲೇ ಸಾಲಗಾರನ ಮೇಲೆ ವಿಮೆ ಮಾಡಿಸಿರುವುದುಂಟು. ವಿಮೆ ಇದ್ದರೆ ಉಳಿದ ಸಾಲ ಅದರಿಂದಲೇ ತೀರಬಹುದು. ಇದನ್ನು ಕಂತು ವಸೂಲಿಗೆ ಬರುವವರು ತಾವಾಗಿ ಹೇಳುವುದು ಅಪರೂಪ, ಸಾಲದ ಕಾಗದ ತೆಗೆದು ನೋಡಬೇಕು.

ಮಿಲ್ಲಿನಲ್ಲಿ ಪಿಎಫ್ ಕಡಿತವಾಗುತ್ತಿತ್ತೇ ಎನ್ನುವುದು ಮುಂದಿನ ಪ್ರಶ್ನೆ. ಆಗುತ್ತಿದ್ದರೆ ಬರಬೇಕಾದದ್ದು ಒಂದಲ್ಲ, ಮೂರು. ಕೂಡಿಟ್ಟ ಪಿಎಫ್ ಹಣ, ನೌಕರಿಯಲ್ಲಿದ್ದಾಗ ಸತ್ತವರಿಗೆ ಸಿಗುವ ಇಡಿಎಲ್‌ಐ ವಿಮೆ, ಹೆಂಡತಿಗೂ ಇಬ್ಬರು ಮಕ್ಕಳಿಗೂ ಪಿಂಚಣಿ. ವರ್ಷ ಪೂರ್ತಿ ಬಿಡದೆ ಕೆಲಸ ಮಾಡಿದವರ ವಿಮೆ ಕನಿಷ್ಠ 2.5 ಲಕ್ಷ, ಗರಿಷ್ಠ 7 ಲಕ್ಷ. ಹೆಂಡತಿಯ ಪಿಂಚಣಿಯ ಕಾಲುಭಾಗದಷ್ಟು ಒಂದೊಂದು ಮಗುವಿಗೂ 25 ವರ್ಷದವರೆಗೆ ಬರುತ್ತದೆ. ಪಿಎಫ್‌ಗೆ ಫಾರಂ 20, ವಿಮೆಗೆ 5-ಐಎಫ್, ಪಿಂಚಣಿಗೆ 10-ಡಿ. ಮೊದಲನೆಯದನ್ನು ಹಾಕಿ, ಹಣ ಬಂತೆಂದು ಉಳಿದೆರಡನ್ನು ಬಿಡುವುದು ಸಾಮಾನ್ಯ ತಪ್ಪು. ಅರ್ಜಿಗೆ ಮಾಲೀಕರ ದೃಢೀಕರಣ ಬೇಕಾಗುವುದರಿಂದ ಮಿಲ್ಲಿಗೆ ಹೋಗಿ ಬರಬೇಕು. ಹೆಂಗಸೊಬ್ಬಳೇ ಹೋದರೆ ‘ಮುಂದಿನ ವಾರ ಬಾರಮ್ಮ’ ಅನ್ನುವ ಗುಮಾಸ್ತ, ಹೆಡ್‌ಮಾಸ್ಟರು ಜೊತೆಗೆ ಬಂದು ಕೂತರೆ ಅವತ್ತೇ ರಿಜಿಸ್ಟರು ತೆಗೆಯುತ್ತಾನೆ. ಇದು ನ್ಯಾಯವಲ್ಲ, ಆದರೆ ನಡೆಯುವುದು ಹೀಗೆ.

ಗಂಡನ ಮೊಬೈಲಿನ ವಿಷಯವಾಗಿ ಒಂದು ಎಚ್ಚರಿಕೆ. ದುಃಖದಲ್ಲಿ ಅದನ್ನು ಆರಿಸಿ ಬೀರುವಿನಲ್ಲಿ ಇಟ್ಟುಬಿಡುತ್ತಾರೆ. ಯಾವ ಬ್ಯಾಂಕು, ಯಾವ ಪಾಲಿಸಿ, ಯಾವ ಚೀಟಿ ಎನ್ನುವ ಸುಳಿವೆಲ್ಲ ಅದರ ಮೆಸೇಜುಗಳಲ್ಲೇ ಇರುತ್ತದೆ. ಬಳಕೆಯಿಲ್ಲದೆ 90 ದಿನ ಕಳೆದರೆ ಪ್ರೀಪೇಯ್ಡ್ ನಂಬರು ನಿಂತುಹೋಗಬಹುದು. ಕ್ಲೇಮುಗಳು ಮುಗಿಯುವವರೆಗೆ ಸಿಮ್ ಜೀವಂತವಾಗಿರಲಿ ಎಂದು ಸಣ್ಣ ರೀಚಾರ್ಜ್ ಮಾಡಿಸಿಕೊಡಬಹುದು. ಆದರೆ ಸತ್ತವರ ಎಟಿಎಂ ಕಾರ್ಡಿನಿಂದ, ಫೋನ್‌ಪೇಯಿಂದ ಹಣ ತೆಗೆಯಬಾರದು. ಮುಂದೆ ವಾರಸುದಾರರ ನಡುವೆ ತಕರಾರು ಬಂದರೆ ಆ ಎಂಟ್ರಿಗಳಿಗೆ ಆಕೆಯೇ ಉತ್ತರ ಹೇಳಬೇಕಾಗುತ್ತದೆ. ಸಹಾಯ ಮಾಡುವವರೂ ಆಕೆಯ ಓಟಿಪಿ, ಪಿನ್ ಕೇಳಬಾರದು, ಖಾಲಿ ಹಾಳೆಗೆ ಸಹಿ ಹಾಕಿಸಿಕೊಳ್ಳಬಾರದು.

ಆಕೆಯ ತರಗತಿ

ಈ ಗಡಿಯ ಕನ್ನಡ ಶಾಲೆಗಳಿಗೇ ಇರುವ ತೊಡಕೊಂದಿದೆ. ತೆಲುಗು ಶಾಲೆಯಲ್ಲಿ ಟೀಚರು ತಿಂಗಳು ರಜೆ ಹಾಕಿದರೆ ಹತ್ತಿರದ ಶಾಲೆಯಿಂದ ಒಬ್ಬರನ್ನು ಕಳಿಸಿ ಹೊಂದಿಸುತ್ತಾರೆ. ಕನ್ನಡದಲ್ಲಿ ಪಾಠ ಮಾಡುವವರನ್ನು ಸುತ್ತ ಹತ್ತು ಹಳ್ಳಿಯಲ್ಲಿ ಹುಡುಕಬೇಕು. ಆಕೆಯ ಮೂರನೇ ಕ್ಲಾಸಿಗೆ ಕನ್ನಡ ಓದಲು ಬಾರದವರನ್ನು ಕೂರಿಸಿದರೆ ಮಕ್ಕಳು ಗಲಾಟೆ ಮಾಡದಂತೆ ಕಾಯಬಹುದೇ ಹೊರತು ಪಾಠವಾಗುವುದಿಲ್ಲ. ಇದು ಆಕೆಗೂ ಗೊತ್ತು. ಆದ್ದರಿಂದಲೇ ಎಷ್ಟೋ ಮಂದಿ ರಜೆ ಇದ್ದರೂ ತೆಗೆದುಕೊಳ್ಳದೆ ಬೇಗ ಬಂದುಬಿಡುತ್ತಾರೆ, ಬಂದು ಬೋರ್ಡಿನ ಮುಂದೆ ನಿಂತು ಮಾತು ಹೊರಡದೆ ಒದ್ದಾಡುತ್ತಾರೆ.

‘ನೀವು ಎಷ್ಟು ದಿನ ಬೇಕಾದರೂ ರಜೆ ಹಾಕಿ’ ಎನ್ನುವುದು ‘ಏನಾರ ಬೇಕಿದ್ರ ಹೇಳ್ರಿ’ ಎಂಬುದರ ಇನ್ನೊಂದು ರೂಪ. ಅದಕ್ಕಿಂತ ಹೆಡ್‌ಮಾಸ್ಟರು ಆಕೆಯ ರಜೆಯ ಲೆಕ್ಕವನ್ನೇ ತೆಗೆದುಕೊಂಡು ಹೋಗಲಿ. ಸಿಎಲ್ ಎಷ್ಟು ಉಳಿದಿದೆ, ಅರ್ಧ ಸಂಬಳದ ರಜೆ ಎಷ್ಟಿದೆ, ಯಾವ ರಜೆ ಹಾಕಿದರೆ ಈ ತಿಂಗಳ ಸಂಬಳ ಎಷ್ಟು ಬರುತ್ತದೆ ಎಂದು ಒಂದು ಹಾಳೆಯಲ್ಲಿ ಬರೆದು ತೋರಿಸಲಿ. ಆಂಧ್ರದ ಮಹಿಳಾ ನೌಕರರಿಗೆ ಇಡೀ ಸೇವಾವಧಿಯಲ್ಲಿ 180 ದಿನಗಳ ಮಕ್ಕಳ ಆರೈಕೆ ರಜೆ ಇದೆ, ಅದನ್ನು ಕಂತುಕಂತಾಗಿ ತೆಗೆದುಕೊಳ್ಳಬಹುದು. ಮಗಳ ಪರೀಕ್ಷೆಯ ಹೊತ್ತಿಗೆ ಬೇಕಾಗುತ್ತದೆಂದು ಸ್ವಲ್ಪ ಉಳಿಸಿಕೊಳ್ಳುವುದೋ ಈಗಲೇ ಬಳಸುವುದೋ ಎಂದು ಆಕೆ ಅಂಕಿ ನೋಡಿ ತೀರ್ಮಾನಿಸಬಹುದು. ರಜೆಯನ್ನು ಹೊತ್ತಿಗೆ ಸರಿಯಾಗಿ ದಾಖಲಿಸುವ ಹೊಣೆಯನ್ನೂ ಒಬ್ಬರು ಹೊರಬೇಕು. ಹಾಜರಿ ಈಗ ಮೊಬೈಲಿಗೆ ಮುಖ ತೋರಿಸಿ ಹಾಕುವಂಥದ್ದು. ರಜೆ ಏರಿಸುವುದು ಮರೆತರೆ ಗೈರುಹಾಜರಿ ಎಂದು ಕೂತು ಸಂಬಳಕ್ಕೇ ಕುತ್ತು.

ಕನ್ನಡ ಬಲ್ಲ ಇನ್ನೊಬ್ಬ ಟೀಚರು ಮೂರನೇ ಕ್ಲಾಸಿನವರನ್ನೂ ತನ್ನ ಕ್ಲಾಸಿನವರನ್ನೂ ಮೊದಲೆರಡು ತಾಸು ಒಟ್ಟಿಗೆ ಕೂರಿಸಿಕೊಂಡು ಕನ್ನಡ, ಗಣಿತ ಮಾಡಬಹುದು. ಮಧ್ಯಾಹ್ನದ ತೆಲುಗು ಪಾಠವನ್ನು ತೆಲುಗು ಮೇಷ್ಟ್ರು ನೋಡಿಕೊಳ್ಳಬಹುದು. ಆಕೆ ವಾಪಸು ಬಂದ ಮೊದಲ ವಾರವೂ ಇದೇ ಏರ್ಪಾಡು ನಡೆಯಲಿ, ಆಕೆ ಅರ್ಧ ದಿನ ಮಾತ್ರ ತರಗತಿಯಲ್ಲಿರಲಿ. ನೋಟ್‌ಬುಕ್ ತಿದ್ದುವುದು, ಅಂಕ ಏರಿಸುವುದು, ಊಟದ ಲೆಕ್ಕ ಬರೆಯುವುದು ಇವನ್ನು ಬೇರೆಯವರು ಹಂಚಿಕೊಳ್ಳಬಹುದು. ಎಲ್ಲಿಯವರೆಗೆ ಎನ್ನುವುದನ್ನು ಮೊದಲೇ ಹೇಳಿಬಿಟ್ಟರೆ, ‘ದಸರಾ ರಜೆ ತನಕ ಅಂಕದ ಕೆಲಸ ನಂದು’ ಎಂಬಂತೆ, ಆಕೆಗೆ ಋಣದ ಭಾರವಿರುವುದಿಲ್ಲ, ಹೊತ್ತವರಿಗೂ ನಡುವೆ ಕೈಬಿಡುವ ಮುಜುಗರವಿರುವುದಿಲ್ಲ.

ಎಲ್ಲಿ ಎಡವುತ್ತೇವೆ

ಹಳ್ಳಿಯಲ್ಲಿ ಗಂಡಸು ಸಹೋದ್ಯೋಗಿ ಒಬ್ಬನೇ ಪದೇಪದೇ ಆ ಮನೆಗೆ ಹೋದರೆ ಮಾತು ಹುಟ್ಟುತ್ತದೆ. ಆ ಮಾತಿನ ಏಟು ಬೀಳುವುದು ಆಕೆಗೆ. ಆದ್ದರಿಂದ ತನ್ನ ಹೆಂಡತಿಯನ್ನೋ ಇನ್ನೊಬ್ಬ ಟೀಚರನ್ನೋ ಜೊತೆಗೆ ಕರೆದುಕೊಂಡು ಹಗಲು ಹೊತ್ತೇ ಹೋಗಬೇಕು, ಅತ್ತೆ ಮಾವ ಇರುವಾಗಲೇ ಕೂತು ಕಾಗದ ತೋರಿಸಬೇಕು. ಅವರಿಗೂ ಕೆಲಸವೇನೆಂದು ತಿಳಿದರೆ ಅನುಮಾನ ಬೆಳೆಯುವುದಿಲ್ಲ. ಆದರೆ ಬಂದ ಪ್ರಮಾಣಪತ್ರ, ಚೆಕ್ಕು, ರಸೀದಿ ಆಕೆಯ ಕೈಗೇ ಹೋಗಬೇಕು. ಹೊಲ, ಮನೆ, ಹಣದ ಪಾಲಿನ ವಿಚಾರದಲ್ಲಿ ಮೈದುನರ ಜೊತೆ ತಕರಾರೆದ್ದರೆ ಸಹೋದ್ಯೋಗಿ ಅದರೊಳಗೆ ಕಾಲಿಡಬಾರದು. ಆದೋನಿಯಲ್ಲಿ ಒಬ್ಬ ವಕೀಲರನ್ನು ಕಾಣಿಸಿ ಹಿಂದೆ ಸರಿಯಬೇಕು.

ಹಣ ಕೂಡಿಸಿ ಕೊಡುವುದು ಒಳ್ಳೆಯದೇ. ಅದನ್ನು ಸಭೆಯಲ್ಲಿ ಕೊಟ್ಟು ಫೋಟೊ ತೆಗೆದು ವಾಟ್ಸಾಪಿಗೆ ಹಾಕುವುದು ಒಳ್ಳೆಯದಲ್ಲ. ಮಗಳ ಬಸ್ ಪಾಸು, ಮಗನ ಆಟೋ ಬಾಡಿಗೆ, ಮೂರು ತಿಂಗಳ ಹಾಲಿನ ಬಿಲ್ಲು ಹೀಗೆ ಒಂದು ಹೆಸರಿಟ್ಟು ನೇರವಾಗಿ ಕಟ್ಟಿಬಿಟ್ಟರೆ ತೆಗೆದುಕೊಳ್ಳುವವರ ತಲೆ ತಗ್ಗುವುದಿಲ್ಲ.

ನಮ್ಮ ಸಹಾಯವೇ ಹೊರೆಯಾಗುತ್ತಿದೆಯೇ ಎಂದು ತಿಳಿಯಲು ಎರಡು ಗುರುತುಗಳಿವೆ. ನಾವು ಹೋದಾಗಲೆಲ್ಲ ಆಕೆ ಎದ್ದು ಚಹಾಕ್ಕೆ ಇಡಬೇಕಾಗುತ್ತಿದ್ದರೆ, ಮಕ್ಕಳನ್ನು ಅಂಗಡಿಗೆ ಓಡಿಸುತ್ತಿದ್ದರೆ, ನಾವು ಅತಿಥಿಗಳಾಗಿದ್ದೇವೆ ಎಂದರ್ಥ. ಬಾಗಿಲಲ್ಲೇ ಕಾಗದ ಕೊಟ್ಟು ಬರುವುದು ಒಳಿತು. ‘ಪರವಾಗಿಲ್ಲ ಸಾರ್, ನಾನು ನೋಡ್ಕೋತೀನಿ’ ಎಂದು ಎರಡನೇ ಸಲವೂ ಆಕೆ ಹೇಳಿದರೆ ಆ ಕೆಲಸ ಬಿಟ್ಟುಬಿಡಬೇಕು. ಮೊದಲನೆಯದು ಸಂಕೋಚವಿರಬಹುದು, ಎರಡನೆಯದು ಉತ್ತರ.

ಹೆಂಡತಿಯನ್ನು ಕಳೆದುಕೊಂಡ ಗಂಡಸಿಗೆ ಕಾಗದದ ಕೆಲಸ ಇಷ್ಟು ಕಷ್ಟವಾಗಲಾರದು. ಆತ ಸೋಲುವುದು ಮನೆಯೊಳಗೆ. ಗ್ಯಾಸಿನ ಪುಸ್ತಕ ಯಾರ ಹೆಸರಲ್ಲಿದೆ, ಮಗಳ ಜಡೆ ಹಾಕುವುದು ಹೇಗೆ, ಮಗುವಿನ ಲಸಿಕೆ ಯಾವಾಗ ಎನ್ನುವುದು ಅವನಿಗೆ ತಿಳಿದಿರುವುದಿಲ್ಲ. ತಿಂಗಳಾಗುವುದರೊಳಗೆ ನೆಂಟರು ಎರಡನೇ ಮದುವೆಯ ಮಾತೆತ್ತುತ್ತಾರೆ. ಆ ಮಾತಿಗೆ ಸಹೋದ್ಯೋಗಿಗಳೂ ದನಿಗೂಡಿಸುವ ಬದಲು, ‘ಸೋಮವಾರ, ಗುರುವಾರ ಹುಡುಗರ ಡಬ್ಬಿ ನಮ್ಮ ಮನೆಯಿಂದ ಬರ್ತದ’ ಎಂದು ಹೇಳುವುದು ಆತನಿಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಕೊನೆಯಲ್ಲಿ ಉಳಿಯುವ ಪುಟ

ಮೂರು ತಿಂಗಳಲ್ಲಿ ಗಂಡನ ಕಾಗದಗಳು ಒಂದು ಹಂತಕ್ಕೆ ಬಂದಿರುತ್ತವೆ. ಆಗ ಎಲ್ಲರೂ ಮರೆಯುವ ಒಂದು ಕೆಲಸ ಉಳಿಯುತ್ತದೆ, ಅದು ಆಕೆಯದೇ ಕಾಗದ. ಆಕೆ ನೌಕರಿಗೆ ಸೇರಿದಾಗ ಅಥವಾ ಮದುವೆಯಾದಾಗ ನಾಮಿನಿ ಎಂದು ಬರೆದದ್ದು ಗಂಡನ ಹೆಸರನ್ನು. ಎಪಿಜಿಎಲ್‌ಐ ವಿಮೆ, ಗುಂಪು ವಿಮೆ, ಪಿಂಚಣಿಯ ಪ್ರಾನ್ ಖಾತೆ, ಸಂಬಳದ ಬ್ಯಾಂಕ್ ಖಾತೆ, ಎಲ್ಲದರಲ್ಲೂ ಇನ್ನೂ ಆತನ ಹೆಸರೇ ಇರುತ್ತದೆ. ಇಬ್ಬರು ಮಕ್ಕಳಿಗೆ ಈಗ ಉಳಿದಿರುವುದು ಆಕೆಯೊಬ್ಬಳೇ. ಆಕೆಗೇನಾದರೂ ಆದರೆ ನಾಮಿನಿಯೇ ಇಲ್ಲದ ಖಾತೆಗಳಿಗಾಗಿ ಆ ಮಕ್ಕಳು ಕಚೇರಿಯಿಂದ ಕಚೇರಿಗೆ ಅಲೆಯಬೇಕಾಗುತ್ತದೆ.

ಓಣಿಯವರಿಗಾಗಲಿ ಅಣ್ಣನಿಗಾಗಲಿ ಇದು ಹೊಳೆಯುವುದಿಲ್ಲ. ಸರ್ವೀಸ್ ರಿಜಿಸ್ಟರನ್ನು ಕೈಯಲ್ಲಿ ಹಿಡಿದವರಿಗೆ ಮಾತ್ರ ಹೊಳೆಯುತ್ತದೆ. ಆಕೆ ಶಾಲೆಗೆ ಮರಳಿ ಸ್ವಲ್ಪ ದಿನವಾದ ಮೇಲೆ, ಬಿಡುವಿನ ಒಂದು ಅವಧಿಯಲ್ಲಿ ಫಾರಂಗಳನ್ನು ಭರ್ತಿ ಮಾಡಿ ಮುಂದಿಟ್ಟು, ‘ಮೇಡಂ, ಇಲ್ಲಿ ಮಕ್ಕಳ ಹೆಸರು ಬರೀಬೇಕು. ಮೈನರ್ ಅದಾರಲ್ಲ, ಗಾರ್ಡಿಯನ್ ಅಂತ ಯಾರನ್ನ ಹಾಕೋಣು, ಯೋಚಿಸಿ ಶುಕ್ರವಾರ ಹೇಳ್ರಿ’ ಎಂದರೆ ಸಾಕು. ಉಳಿದದ್ದು ಎರಡು ಸಹಿ.

ಫೈಲಿನ ಮೊದಲ ಹಾಳೆಯ ಒಂದು ನಕಲನ್ನು, ಆಕೆಯ ಹೆಸರು ತೆಗೆದು, ಶಾಲೆಯಲ್ಲೇ ಇಟ್ಟುಕೊಳ್ಳಬಹುದು. ಬಳ್ಳಾರಿಯಲ್ಲಿ ಯಾವ ಕೌಂಟರು, ವಿಆರ್‌ಓ ಯಾವತ್ತು ಸಿಗುತ್ತಾರೆ, ಬ್ಯಾಂಕಿನವರು ಯಾವ ಕಾಗದವನ್ನು ವಾಪಸು ಕಳಿಸಿದರು ಎನ್ನುವುದೆಲ್ಲ ಅದರಲ್ಲಿದ್ದರೆ ಮುಂದೆ ಮಂಡಲದ ಇನ್ನೊಂದು ಶಾಲೆಯಲ್ಲಿ ಹೀಗಾದಾಗ ಅವರು ಮೊದಲಿನಿಂದ ಹುಡುಕಬೇಕಿಲ್ಲ. ಆ ಹಾಳೆ ಹಿಡಿದು ಆ ಮನೆಗೆ ಹೋಗುವವರಲ್ಲಿ ಈ ಟೀಚರೂ ಇರಬಹುದು. ಯಾವ ಕಾಗದ ಯಾವತ್ತು ಬೇಕಾಗುತ್ತದೆ ಎನ್ನುವುದು ಆ ಹೊತ್ತಿಗೆ ಆಕೆಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿರುತ್ತದೆ.